ಸರಿ–ತಪ್ಪು ಪ್ರಶ್ನೆಯಲ್ಲಿ ‘ಮಾತ್ರ’, ‘ಯಾವಾಗಲೂ’ ಬಂದರೆ ಮಗಳು ಎಡವುತ್ತಾಳೆ

ವಾಕಡ್ ಅಮ್ಮ, ಪುಣೆ: ಮಗಳು ಎಂಟನೇ ತರಗತಿ. ಪಾಠ ಕೇಳಿದರೆ ಪಟಪಟ ಹೇಳುತ್ತಾಳೆ. ಆದರೆ ಸರಿಯೋ ತಪ್ಪೋ ಪ್ರಶ್ನೆಗಳಲ್ಲಿ ‘ಮಾತ್ರ’, ‘ಯಾವಾಗಲೂ’, ‘ಅಪರೂಪಕ್ಕೆ’, ‘ಅಲ್ಲ’ ಸೇರಿದರೆ 10ಕ್ಕೆ 4. ನಿಮ್ಮ ಮಕ್ಕಳಿಗೆ ಏನು ಮಾಡಿದಿರಿ?

ಠಾಣೆ ಅಪ್ಪ: ನಾನು ಮಗನನ್ನು ಕ್ಲಾಸಿಗೆ ಹಾಕಿದೆ. 42 ಸಾವಿರ, ಎರಡು ಕಂತು. ಪುಸ್ತಕಕ್ಕೆ ಬೇರೆ 3,200, ರಿಕ್ಷಾಕ್ಕೆ ದಿನಾ 60. ಅಲ್ಲಿ ಕಲಿಸಿದ್ದು ಒಂದೇ ಮಾತು: ‘ಎಲ್ಲ’, ‘ಮಾತ್ರ’, ‘ಯಾವಾಗಲೂ’ ಕಂಡರೆ ತಪ್ಪು ಅಂತ ಬರಿ, ‘ಕೆಲವು’, ‘ಸಾಮಾನ್ಯವಾಗಿ’ ಕಂಡರೆ ಸರಿ. ‘ಎಲ್ಲ ಸಸ್ತನಿಗಳೂ ಮರಿ ಹಾಕುತ್ತವೆ’ ಅಂತ ಬಂತು, ತಪ್ಪು ಅಂದ, ಮಾರ್ಕು ಸಿಕ್ಕಿತು. ಪ್ಲಾಟಿಪಸ್ ಮೊಟ್ಟೆಯಿಡುತ್ತದಲ್ಲ. ದುಡ್ಡು ದಂಡವಾಗಲಿಲ್ಲ.

ಮಾಟುಂಗಾ ಟೀಚರ್ (ನಿವೃತ್ತ): ಆ ಸೂತ್ರವನ್ನೇ ನಂಬಿ ನನ್ನ ತಂಗಿಯ ಮಗ ವಿದ್ಯಾರ್ಥಿವೇತನ ಕಳೆದುಕೊಂಡ. ಎರಡೇ ಮಾರ್ಕಿಗೆ. ‘ಸಮಸಂಖ್ಯೆಗಳಲ್ಲಿ 2 ಮಾತ್ರ ಅವಿಭಾಜ್ಯ’ ಅನ್ನುವುದಕ್ಕೆ ತಪ್ಪು ಅಂತ ಬರೆದಿದ್ದ. ‘ಚೌಕ ಯಾವಾಗಲೂ ಆಯತವೇ’ ಅನ್ನುವುದಕ್ಕೂ ತಪ್ಪು. ಎರಡೂ ಸರಿ ಇವೆ.

ನಾನು ಮಕ್ಕಳಿಗೆ ‘ಮಾತ್ರ’ ಯಾವ ಪದದ ಬೆನ್ನಿಗೆ ಕೂತಿದೆ ನೋಡಿ ಅನ್ನುತ್ತಿದ್ದೆ. ‘ಧನ ವಿಧೇಯಕವನ್ನು ಲೋಕಸಭೆಯಲ್ಲಿ ಮಾತ್ರ ಮಂಡಿಸಬಹುದು.’ ಬೇರೆಲ್ಲೂ ಆಗದೇ ಅಂತ ಕೇಳಿ. ರಾಜ್ಯಸಭೆಯಲ್ಲಿ ಆಗದು, ಸಂವಿಧಾನದ 109ನೇ ವಿಧಿ ಬಿಡುವುದಿಲ್ಲ. ಹಾಗಾಗಿ ಸರಿ. ಈಗ ಪದ ಸರಿಸಿ: ‘ಲೋಕಸಭೆಯಲ್ಲಿ ಧನ ವಿಧೇಯಕವನ್ನು ಮಾತ್ರ ಮಂಡಿಸಬಹುದು.’ ಬೇರೇನೂ ಆಗದೇ ಅಂತ ಕೇಳಿ. ಉಳಿದ ವಿಧೇಯಕಗಳನ್ನೂ ಮಂಡಿಸುತ್ತಾರೆ. ಹಾಗಾಗಿ ತಪ್ಪು. ಪದಗಳು ಅವೇ, ಉತ್ತರ ಉಲ್ಟಾ. ಪ್ರಶ್ನೆ ಇಂಗ್ಲಿಷಿನಲ್ಲಿದ್ದರೆ ‘ಓನ್ಲಿ’ ವಾಕ್ಯದ ನಡುವೆ ಎಲ್ಲೋ ನಿಂತುಬಿಡುತ್ತದೆ, ಅದು ಯಾವುದನ್ನು ಕಟ್ಟಿಹಾಕುತ್ತದೆ ಅಂತ ಮಗುವಿಗೆ ಕಾಣುವುದಿಲ್ಲ. ಮನಸ್ಸಲ್ಲೇ ಕನ್ನಡಕ್ಕೆ ತಿರುಗಿಸಿದರೆ ಕಾಣುತ್ತದೆ.

ಠಾಣೆ ಅಪ್ಪ: ಟೀಚರ್, ನಿಮ್ಮ ತಂಗಿ ಮಗ ಓದದೇ ಹೋಗಿದ್ದರೆ ಸೂತ್ರದ ತಪ್ಪೇ? 30 ಸೆಕೆಂಡಿಗೆ ಒಂದು ಪ್ರಶ್ನೆ ಇರುವಾಗ ಸಂವಿಧಾನದ ವಿಧಿ ನೆನೆಯುತ್ತಾ ಕೂರೋಕಾಗುತ್ತಾ?

ಮಾಟುಂಗಾ ಟೀಚರ್: ರಾತ್ರಿ ಹನ್ನೊಂದರವರೆಗೆ ಓದುತ್ತಿದ್ದ ಮಗು ಅದು. ಗೊತ್ತಿಲ್ಲದೆ ಮಾತಾಡಬೇಡಿ.

ವಾಸ್ಕೋ ಬಸು: ಅಕ್ಕಾರ, ನಮ್ಮ ಹುಡುಗಂದು ‘ಅಲ್ಲ’, ‘ಇಲ್ಲ’ದ ರಗಳೆ. ‘ಗೋವಾ 1947ರಾಗ ಭಾರತಕ್ಕ ಸೇರಲಿಲ್ಲ’ ಅಂತ ಬಂದಿತ್ತು. 1961ರ ಡಿಸೆಂಬರ್ 19 ಅಂತ ಅವಗ ಬಾಯಿಪಾಠ ಐತಿ. ಆದ್ರೂ ತಪ್ಪು ಅಂತ ಬರದ ಬಂದಾನ. ಕೇಳಿದ್ರ ‘ಸೇರಿಲ್ಲಲ್ಲ ಅಪ್ಪಾ, ಅದಕ್ಕ ತಪ್ಪು’ ಅಂದ! ಅಂದ್ರ ಸೇರಿದ್ದು ತಪ್ಪು ಅಂತ ಉತ್ತರ ಕೊಟ್ಟಾನ, ಬರದ ವಾಕ್ಯಕ್ಕ ಅಲ್ಲ. ಈಗ ‘ಇಲ್ಲ’ದ ಮ್ಯಾಲ ಬೆರಳ ಇಡಸ್ತೀನಿ. ‘ಗೋವಾ 1947ರಾಗ ಸೇರಿತು’, ತಪ್ಪು. ಬೆರಳ ತಗದ ಮ್ಯಾಲ ಉತ್ತರ ತಿರುವು, ಸರಿ. ಮೂರು ವಾರ ಹಿಡೀತು. ಕನ್ನಡ ಸಾಲಿಯೊಳಗ ಇದ್ದಿದ್ರ ಈ ಗತಿ ಬರತಿದ್ದಿಲ್ಲ.

ಕೊಥ್ರೂಡ್ ಇಂಜಿನಿಯರ್: ಕನ್ನಡ ಶಾಲೆಯ ವಿಷಯ ಇಲ್ಲಿಗೇಕೆ ತಂದಿರಿ? ನನ್ನ ಮಗಳಿಗೆ ಬಂದದ್ದು ‘ನೀರು ಯಾವಾಗಲೂ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ’. ತಪ್ಪು ಅಂತ ಬರೆದಳು. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ, ಇಲ್ಲಿ 98ರ ಸುಮಾರಿಗೇ ಕುದಿಯುತ್ತದೆ. ಶಾಲೆಯವರು ಮಾರ್ಕು ಕೊಡಲಿಲ್ಲ. ಅರ್ಧ ದಿನ ರಜೆ ಹಾಕಿ ಮೂರು ಸಲ ಹೋದೆ. ಪುಸ್ತಕದಲ್ಲಿ 100 ಅಂತಿದೆ ಅಂದರು. ಇವತ್ತಿಗೂ ಮಾರ್ಕು ಸಿಕ್ಕಿಲ್ಲ.

ಠಾಣೆ ಅಪ್ಪ: ನೋಡಿ, ನನ್ನ ಸೂತ್ರವೇ ಗೆದ್ದಿತು. ‘ಯಾವಾಗಲೂ’ ಇತ್ತು, ತಪ್ಪು.

ಕೊಥ್ರೂಡ್ ಇಂಜಿನಿಯರ್: ಅದು ತಪ್ಪಾದದ್ದು ಪದದಿಂದಲ್ಲ ಸ್ವಾಮಿ, ಗಾಳಿಯ ಒತ್ತಡ ಕಡಿಮೆ ಇರುವ ಜಾಗ ಒಂದಾದರೂ ಇರುವುದರಿಂದ. ‘ಯಾವಾಗಲೂ’ ಅನ್ನುವುದನ್ನು ಕೆಡವಲು ಒಂದೇ ಉದಾಹರಣೆ ಸಾಕು. ಹಾಗಂತ ‘ಎಂದೂ 100ಕ್ಕೆ ಕುದಿಯುವುದಿಲ್ಲ’ ಅನ್ನುವುದು ಸರಿಯಾಗುವುದಿಲ್ಲ. ಮುಂಬೈಯಲ್ಲಿ ಹೆಚ್ಚುಕಡಿಮೆ ಅಷ್ಟಕ್ಕೇ ಕುದಿಯುತ್ತದೆ.

ಮಾಟುಂಗಾ ಟೀಚರ್: ಈ ಮಾತು ಒಪ್ಪುತ್ತೇನೆ. ‘ಅಪರೂಪಕ್ಕೆ’ ಹಾಗೆ ಬೀಳುವುದಿಲ್ಲ. ‘ಜೈಸಲ್ಮೇರಿನಲ್ಲಿ ಮಳೆ ಅಪರೂಪ’ ಅಂದರೆ, ಮೊನ್ನೆ ಮಳೆ ಬಂತಲ್ಲ ಅಂತ ಯಾರೂ ಅದನ್ನು ತಪ್ಪು ಮಾಡಲಾಗದು. ಮಕ್ಕಳು ‘ಅಪರೂಪ’ವನ್ನು ‘ಇಲ್ಲವೇ ಇಲ್ಲ’ ಅಂತ ಓದಿಬಿಡುತ್ತಾರೆ.

ವಾಸ್ಕೋ ಬಸು: ಹಂಗಾದ್ರ ‘ಸಸ್ತನಿಗಳು ಅಪರೂಪಕ್ಕ ಮೊಟ್ಟಿ ಇಡತಾವ’, ಇದು ಸರಿಯೋ ತಪ್ಪೋ?

ಕೊಥ್ರೂಡ್ ಇಂಜಿನಿಯರ್: ಸರಿ. ಪ್ಲಾಟಿಪಸ್, ಎಕಿಡ್ನಾ ಬಿಟ್ಟರೆ ಯಾವುದೂ ಇಡುವುದಿಲ್ಲ.

ಮಾಟುಂಗಾ ಟೀಚರ್: ನಾನಾಗಿದ್ದರೆ ತಪ್ಪು ಅಂತ ಹಾಕುತ್ತಿದ್ದೆ. ಹಸುವೂ ಎಂದೋ ಒಮ್ಮೆ ಮೊಟ್ಟೆಯಿಡುತ್ತದೆ ಅನ್ನುವಂತಿದೆ ಆ ವಾಕ್ಯ. ‘ಮೊಟ್ಟೆಯಿಡುವ ಸಸ್ತನಿಗಳು ಅಪರೂಪ’ ಅಂದಿದ್ದರೆ ಸರಿ.

ಕೊಥ್ರೂಡ್ ಇಂಜಿನಿಯರ್: ಹಾಗೆ ಯಾರೂ ಓದುವುದಿಲ್ಲ ಮೇಡಂ.

ವಾಕಡ್ ಅಮ್ಮ: ಈಗಷ್ಟೇ ಮಗಳನ್ನು ಕೇಳಿದೆ. ‘ಹಸು ಯಾವಾಗ ಮೊಟ್ಟೆಯಿಡುತ್ತದೆ ಅಮ್ಮ?’ ಅಂದಳು.