ಸಹಾಯ ಬೇಕು: ಕೆಲಸ ಮಾಡುತ್ತಾ ಕೇಳುವವರಿಗಾಗಿ ವಿಡಿಯೊ ಸ್ಕ್ರಿಪ್ಟ್

ಎಲ್ಲರಿಗೂ ನಮಸ್ಕಾರ. ಚಂದ್ರನ ಒಂದೇ ಮುಖ ನಮಗೆ ಏಕೆ ಕಾಣುತ್ತದೆ ಎಂಬುದನ್ನು ವಿವರಿಸುವ ವಿಡಿಯೊಗೆ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. ಕೈಯಲ್ಲಿ ಕೆಲಸವಿಟ್ಟುಕೊಂಡು ಕೇಳುವವರಿಗೂ ಅದು ಪೂರ್ತಿ ಅರ್ಥವಾಗಬೇಕು. ಪರದೆ ನೋಡುವವರಿಗೆ ಚಿತ್ರಗಳು ಹೆಚ್ಚಿನ ನೆರವಾದರೆ ಸಾಕು.

ಮೊದಲ ಕರಡನ್ನು ಧ್ವನಿಮುದ್ರಿಸಿ, ಪರದೆಯನ್ನು ಮುಚ್ಚಿ ಕೇಳಿದಾಗ, "ಇದು ಹೀಗೆ ತಿರುಗಿದಾಗ ಆ ಭಾಗ ಇಲ್ಲಿಗೆ ಬರುತ್ತದೆ" ಎಂಬ ವಾಕ್ಯದಲ್ಲಿ ಏನೂ ಉಳಿಯಲಿಲ್ಲ. "ಇದು", "ಹೀಗೆ", "ಇಲ್ಲಿ" ಎಂಬ ಮಾತುಗಳೆಲ್ಲ ಚಿತ್ರವನ್ನೇ ನಂಬಿಕೊಂಡಿದ್ದವು. ಆದ್ದರಿಂದ ಹೀಗೆ ಬದಲಿಸಿದೆ: "ಕೋಣೆಯ ನಡುವೆ ಒಂದು ಕುರ್ಚಿ ಇದೆ ಎಂದುಕೊಳ್ಳಿ. ಅದಕ್ಕೇ ಮುಖ ಮಾಡಿಕೊಂಡು ಅದರ ಸುತ್ತ ಒಂದು ಸುತ್ತು ಬನ್ನಿ. ಅಷ್ಟರಲ್ಲಿ ನಿಮ್ಮ ಮುಖ ನಾಲ್ಕೂ ಗೋಡೆಗಳ ಕಡೆಗೆ ತಿರುಗಿರುತ್ತದೆ. ಅಂದರೆ ನೀವೂ ಒಮ್ಮೆ ಪೂರ್ತಿ ತಿರುಗಿದ್ದೀರಿ." ಚಂದ್ರನಿಗೆ ಭೂಮಿಯ ಸುತ್ತ ಒಂದು ಸುತ್ತು ಬರಲೂ ತಾನು ಒಮ್ಮೆ ಪೂರ್ತಿ ತಿರುಗಲೂ ಅದೇ ಸುಮಾರು 27.3 ದಿನ ಬೇಕು ಎಂಬ ಮಾತನ್ನು ಇದರ ನಂತರವೇ ಇಟ್ಟಿದ್ದೇನೆ, ಏಕೆಂದರೆ ಕಲ್ಪನೆ ಮೂಡುವ ಮೊದಲೇ ಬಂದ ಅಂಕಿ ಕಿವಿಯಲ್ಲಿ ನಿಲ್ಲುವುದಿಲ್ಲ.

ತೊಡಕಿರುವುದು ಮುಂದಿನ ಭಾಗದಲ್ಲಿ. ಚಂದ್ರ ತುಸು ಓಲಾಡುವಂತೆ ತೋರುವುದರಿಂದ, ಕಾಲಕ್ರಮದಲ್ಲಿ ಅದರ ಮೇಲ್ಮೈಯ ಸುಮಾರು 59 ಶೇಕಡಾ ಭಾಗವನ್ನು ನಾವು ನೋಡಬಹುದು. ಇದಕ್ಕೆ ಹತ್ತು ಸೆಕೆಂಡಿನ ಅನಿಮೇಶನ್ ಇದೆ. ಅಲ್ಲಿ ಮಾತು ನಿಲ್ಲಿಸಿದರೆ ಕೇಳುಗರು ವಿಡಿಯೊ ನಿಂತಿತೆಂದು ಭಾವಿಸುತ್ತಾರೆ. ಚಲನೆಯನ್ನೆಲ್ಲ ವರ್ಣಿಸಿದರೆ ನೋಡುಗರಿಗೆ ಅದು ಪುನರುಕ್ತಿಯಾಗುತ್ತದೆ. ಚಲನೆಯನ್ನು ಬಿಟ್ಟು ಅದರ ಕಾರಣವನ್ನಷ್ಟೇ ಹೇಳಿದರೆ ಇಬ್ಬರಿಗೂ ಹೊಂದುತ್ತದೆಯೇ? ಇಂತಹ ಸ್ಕ್ರಿಪ್ಟ್ ಬರೆದ ಅನುಭವವಿರುವವರು, ಈ ಭಾಗಕ್ಕೆ ತಾವು ಬರೆಯುವ ಎರಡು ಮೂರು ವಾಕ್ಯಗಳನ್ನೇ ದಯವಿಟ್ಟು ತಿಳಿಸಿ.