ಸಂಪಾದಕರಿಗೆ ಬರೆದ ಪತ್ರಕ್ಕೆ ಅಂಕ ಹಾಕೋದು ಹೆಂಗ?

ಕೊಪ್ಪಳದ ಹೈಸ್ಕೂಲ್ ಮೇಷ್ಟ್ರು: ಒಂಬತ್ತನೇ ತರಗತಿಯ ಮಕ್ಕಳು ಸಂಪಾದಕರಿಗೆ ಬರೆದ 40 ಪತ್ರ ಮುಂದೆ ಅದಾವ. ಬೇಡಿಕೆ ಒಂದೇ ಇರಲಿ, ಆಧಾರ ಅದಕ್ಕೆ ಒಪ್ಪಲಿ, ಮಾತು ಮರ್ಯಾದೆಯಿಂದ ಇರಲಿ ಅಂದಿದ್ದೆ. ಓದಿದರ ಎಲ್ಲಾವೂ ಚಲೋನೇ ಕಾಣ್ತಾವ. ನೀವು ಹೆಂಗ ತೂಗ್ತೀರಿ?

ರಾಯಚೂರಿನ ನಿವೃತ್ತ ಕನ್ನಡ ಶಿಕ್ಷಕಿ: ಸರ್, ನಾನು ಮೊದಲು ಪೆನ್ಸಿಲ್ ಹಿಡಿದು ‘ಏನಾಗಬೇಕು’ ಅಂತ ಹೇಳುವ ವಾಕ್ಯ ಹುಡುಕುತ್ತಿದ್ದೆ. ಒಬ್ಬ ಹುಡುಗಿ ತನ್ನೂರಿನ ಬೆಳಗಿನ ಬಸ್ಸಿನ ಬಗ್ಗೆ ಬರೆದಿದ್ದಳು. ಬಸ್ ಅರ್ಧ ತಾಸು ಮುಂಚೆ ಬರಲಿ, ರಸ್ತೆ ಡಾಂಬರು ಆಗಲಿ, ಶಾಲೆಗೆ ಶೌಚಾಲಯ ಬೇಕು ಅಂತ ಮೂರು ಬೇಡಿಕೆ. ಮೂರೂ ನಿಜ. ಆದರೆ ಡಿಪೊದವರು ಓದಿದರೆ ತಮ್ಮ ಪಾಲಿನದು ಯಾವುದು ಅಂತ ಆರಿಸಿಕೊಳ್ಳಬೇಕು.

ಆಧಾರದಲ್ಲಿ ಇನ್ನೂ ದೊಡ್ಡ ತೊಡಕಿತ್ತು. ನಮ್ಮ ಭಾಗ ಹಿಂದುಳಿದಿದೆ, ಅದಕ್ಕೇ ಸಂವಿಧಾನದಲ್ಲಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಬಂತು ಅಂತ ಬರೆದಿದ್ದಳು. ಮಾತು ಸರಿಯೇ, ಆದರೆ ಆ ಬಸ್ಸು ತಡ ಅಂತ ಅದು ತೋರಿಸೋದಿಲ್ಲ. ‘ಬಸ್ ಬಂದ ಹೊತ್ತು ಬರೆದಿಡು’ ಅಂದೆ. 12 ದಿನ ಬರೆದಳು. 9 ದಿನ ಶಾಲೆಯ ಗಂಟೆ ಹೊಡೆದ ಮೇಲೆ ಬಸ್ ಬಂದಿತ್ತು. ಎರಡನೇ ಪತ್ರದಲ್ಲಿ ಇಷ್ಟೇ ಉಳಿಯಿತು. ಪ್ರತಿ ಆಧಾರಕ್ಕೂ ಒಂದೇ ಪ್ರಶ್ನೆ ಹಾಕಿ: ಇದನ್ನು ತೆಗೆದರೆ ಬೇಡಿಕೆ ಸೊರಗುತ್ತದಾ? ಸೊರಗದಿದ್ದರೆ ಅದಕ್ಕೆ ಅಂಕ ಬೇಡ.

ಸಿಂಧನೂರಿನ ಕಾಲೇಜು ಉಪನ್ಯಾಸಕ: ಅಂಕಿ-ಅಂಶ ಇದ್ದರೆ ಪೂರ್ತಿ ಅಂಕ ಕೊಡ್ರಿ, ಸಿಟ್ಟಿನ ಒಂದು ಪದ ಇದ್ದರೂ ಅರ್ಧ ಕಡಿರಿ. ಅಷ್ಟು ಸಾಕು.

ನಿವೃತ್ತ ಶಿಕ್ಷಕಿ: ಅಂಕಿ ಬೇಕು, ಒಪ್ಪುತ್ತೇನೆ ಸರ್. ಆದರೆ ‘ನೂರಾರು ಜನ ಪರದಾಡುತ್ತಿದ್ದಾರೆ’ ಅನ್ನೋದೂ ಅಂಕಿಯ ಹಾಗೇ ಕೇಳಿಸುತ್ತದೆ. ಯಾರು ಎಣಿಸಿದರು ಅಂತ ಕೇಳಬೇಕು. ಸಿಟ್ಟಿಗೂ ಅಮರ್ಯಾದೆಗೂ ವ್ಯತ್ಯಾಸ ಇದೆ. ‘ತಿಂಗಳಲ್ಲಿ ಎರಡು ಸಲ ಅರ್ಜಿ ಕೊಟ್ಟೆವು, ಉತ್ತರ ಬರಲಿಲ್ಲ, ಬೇಸರವಾಗಿದೆ’ ಅನ್ನೋದು ಮರ್ಯಾದೆಯ ಮಾತೇ. ‘ಡ್ರೈವರ್ ಸೋಮಾರಿ’ ಅಂದರೆ ದೂರು ಬಸ್ಸಿನ ಹೊತ್ತನ್ನು ಬಿಟ್ಟು ಮನುಷ್ಯನ ಮೇಲೆ ಹೋಯಿತು. ‘ತಮ್ಮ ಪಾದಗಳಿಗೆರಗಿ ಬೇಡುತ್ತೇನೆ’ ಅನ್ನೋದಕ್ಕೂ ನಾನು ಅಂಕ ಕೊಡಲ್ಲ. ಕೇಳುವವರು ಕುಗ್ಗಬೇಕಿಲ್ಲ.

ಬಳ್ಳಾರಿಯ ಓದುಗ: ನಮ್ಮ ಓಣಿಯ ಚರಂಡಿ ಬಗ್ಗೆ ಎರಡು ಪುಟ ಬರೆದು ಕಳಿಸಿದ್ದೆ. ಪತ್ರಿಕೆಯವರು ಆರು ಸಾಲು ಹಾಕಿದರು. ಅದಕ್ಕ ಏನು ಮಾಡಬೇಕ್ರಿ?

ನಿವೃತ್ತ ಶಿಕ್ಷಕಿ: ಅಣ್ಣಾ, ಇಲ್ಲಿ ಕೇಳಿದ್ದು ಮಕ್ಕಳ ಪತ್ರದ ಅಂಕ. ಆದರೂ ಆ ಆರು ಸಾಲು ಯಾವುವು ಅಂತ ನೋಡಿ. ನಿಮ್ಮ ಬೇಡಿಕೆ ಅದರಲ್ಲಿ ಉಳಿದಿದ್ದರೆ ಅವರು ಸರಿಯಾಗೇ ಕತ್ತರಿಸಿದ್ದಾರೆ.

ಕೊಪ್ಪಳದ ಮೇಷ್ಟ್ರು: ಮೇಡಂ, ಒಬ್ಬ ಹುಡುಗ ‘ನಮ್ಮ ಅವ್ವ ದಿನಾ ಆರು ಕೊಡ ನೀರು ದೂರದ ಬೋರ್‌ವೆಲ್‌ನಿಂದ ಹೊತ್ತು ತರ್ತಾಳ’ ಅಂತ ಒಂದೇ ಆಧಾರ ಕೊಟ್ಟಾನ. ಬೇಡಿಕೆ ‘ಊರಿಗೆಲ್ಲ ನಲ್ಲಿ ಹಾಕಿಸಿ’ ಅಂತ.

ನಿವೃತ್ತ ಶಿಕ್ಷಕಿ: ‘ನಮ್ಮ ಓಣಿಗೆ ನಲ್ಲಿ’ ಅಂದಿದ್ದರೆ ಆ ಸಾಲಿಗೆ ತೂಕ ಇರುತ್ತಿತ್ತು. ಊರಿಗೆಲ್ಲ ಅಂದರೆ ಇನ್ನೂ ನಾಲ್ಕು ಓಣಿ ತಿರುಗಿ ಕೇಳಲಿ. ಬೇಡಿಕೆಯನ್ನೇ ಕಿರಿದು ಮಾಡಿಸಿದರೂ ಆಗುತ್ತದೆ.

ಸಿಂಧನೂರಿನ ಉಪನ್ಯಾಸಕ: ಅವ್ವನ ಮಾತು ತೆಗಿಬ್ಯಾಡ್ರಿ ಮತ್ತ. ಓದುವವರು ನಿಲ್ಲೋದು ಅಲ್ಲೇ. ಅದಕ್ಕ ಅಂಕ ಎಷ್ಟು ಅನ್ನೋದು ನನಗೂ ಬಗೆಹರಿದಿಲ್ಲ.