ಉಪ್ಪಿನಕಾಯಿ ಕ್ಲಾಸ್ 30ರಲ್ಲಿ ಬರುತ್ತಾ?

ಮಿಡಿ ಭರಣಿ: ನಾನು ತೀರ್ಥಹಳ್ಳಿ ಕಡೆಯವಳು. 2019ರಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿಪುಡಿ, ಟೊಮೆಟೊ ತೊಕ್ಕು ಮಾಡಿ ಒಂದೇ ಹೆಸರಲ್ಲಿ ಮಾರುತ್ತಿದ್ದೇನೆ. ಹೋದ ತಿಂಗಳು ಏಜೆಂಟ್ ಒಬ್ಬರ ಕೈಲಿ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿಸಿದೆ. ರಸೀದಿ ನೋಡಿದರೆ ಸರಕಿನ ವರ್ಗ ಕ್ಲಾಸ್ 30, ಸರಕಿನ ಜಾಗದಲ್ಲಿ `Spices, condiments` ಅಂತ ಮಾತ್ರ ಇದೆ. ಉಪ್ಪಿನಕಾಯಿ ಇದರಲ್ಲಿ ಬರುತ್ತಾ? ಬರದಿದ್ದರೆ ಇದೇ ಅರ್ಜಿಗೆ ಸೇರಿಸಬಹುದಾ?

ಹುಬ್ಬಳ್ಳಿ ಹುಡುಗ: ಅಕ್ಕಾ, ಚಿಂತೆ ಬೇಡ. ಊಟಕ್ಕೆ ನೆಂಚಿಕೊಳ್ಳುವುದೆಲ್ಲ ಕಾಂಡಿಮೆಂಟೇ ಅಲ್ವಾ? ಒಂದು ಸಲ ಕ್ಲಾಸ್ ಸಿಕ್ಕಿತು ಅಂದರೆ ಆ ಇಡೀ ಕ್ಲಾಸ್ ನಿಮ್ಮದೇ.

ಬೆಲ್ಲದ ಗಾಣ: ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಲ್ಲ, ಅದರಲ್ಲಿ ಉಪ್ಪಿನಕಾಯಿ ಬರೆಸಿದ್ದರೆ ಸಾಕು. ನಾನು ಬೆಲ್ಲಕ್ಕೆ ಅಷ್ಟೇ ಮಾಡಿಸಿದ್ದು, ಇವತ್ತಿನವರೆಗೆ ಯಾರೂ ಕೇಳಿಲ್ಲ.

ಫೈಲ್ ನೋಡುವವ: ಗಾಣದವರೇ, ಅದು ಆಹಾರ ಮಾರುವುದಕ್ಕೆ ಬೇಕಾದ ಲೈಸೆನ್ಸ್. ನಾಳೆ ಪಕ್ಕದ ಊರಿನವರು ನಿಮ್ಮ ಹೆಸರನ್ನೇ ಡಬ್ಬಿ ಮೇಲೆ ಹಾಕಿದರೆ ಅದು ತಡೆಯುವುದಿಲ್ಲ.

ಮಿಡಿ ಭರಣಿ ಅವರೇ, ಉಪ್ಪಿನಕಾಯಿ ಕ್ಲಾಸ್ 29ರದ್ದು. ಉಪ್ಪು, ಎಣ್ಣೆ ಹಾಕಿ ಕೆಡದಂತೆ ಇಟ್ಟ ಹಣ್ಣು ತರಕಾರಿ ಎಲ್ಲ ಅಲ್ಲಿಗೇ ಹೋಗುತ್ತದೆ. ಮಸಾಲೆ, ಚಟ್ನಿಪುಡಿ 30ಕ್ಕೆ. ಅಂದರೆ ನಿಮ್ಮ ಮುಖ್ಯ ಸರಕೇ ಅರ್ಜಿಯ ಹೊರಗೆ ಉಳಿದಿದೆ. ಇದೇ ಅರ್ಜಿಗೆ ಸೇರಿಸಲು ಆಗುವುದಿಲ್ಲ. ಹಾಕಿದ ಮೇಲೆ ಸರಕಿನ ಪಟ್ಟಿಯನ್ನು ಕಡಿಮೆ ಮಾಡಬಹುದು, ಅದರಲ್ಲಿ ಇಲ್ಲದ್ದನ್ನು ಸೇರಿಸುವ ಹಾಗಿಲ್ಲ. ತಿದ್ದುಪಡಿಗೆ ಟಿಎಂ-ಎಂ ಫಾರ್ಮ್ ಹಾಕೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಸುಮ್ನೆ ಫೀಸು ಹೋಗುತ್ತದೆ.

29ಕ್ಕೆ ಟಿಎಂ-ಎ ಫಾರ್ಮಿನಲ್ಲಿ ಹೊಸ ಅರ್ಜಿ ಹಾಕಿ. ಒಬ್ಬರೇ ಮಾಲೀಕರಾದರೆ ಆನ್‌ಲೈನಿನಲ್ಲಿ ಕ್ಲಾಸಿಗೆ 4500 ರೂಪಾಯಿ. ಅದಕ್ಕೂ ಮೊದಲು ipindia.gov.in ನಲ್ಲಿ ಪಬ್ಲಿಕ್ ಸರ್ಚ್ ತೆಗೆದು, ಕ್ಲಾಸ್ 29 ಕೊಟ್ಟು ನಿಮ್ಮ ಹೆಸರು ಹುಡುಕಿ. ಉಚ್ಚಾರದಲ್ಲಿ ಹತ್ತಿರ ಇರುವುದನ್ನು ತೋರಿಸುವ ಫೊನೆಟಿಕ್ ಹುಡುಕಾಟವನ್ನೂ ಮಾಡಿ. ನಿಮ್ಮ ಏಜೆಂಟ್ 30ರಲ್ಲಿ ಮಾತ್ರ ಹುಡುಕಿರಬಹುದು.

ಹುಬ್ಬಳ್ಳಿ ಹುಡುಗ: ಸರಿ, 29 ಅಂತಲೇ ಇರಲಿ. ಹಾಗಾದರೆ "ಕ್ಲಾಸ್ 29ರ ಎಲ್ಲ ಸರಕು" ಅಂತ ಬರೆದುಬಿಡಲಿ, ನಾಳೆ ತುಪ್ಪ ಮಾಡಿದರೂ ಬಂತಲ್ಲ.

ಫೈಲ್ ನೋಡುವವ: ಅಲ್ಲೇ ಎಡವುವುದು. ನಮ್ಮಲ್ಲೇ ನಡೆದ ನಂದಿನಿ ಕೇಸ್ ನೋಡಿ. ಕೆಎಂಎಫ್ 1985ರಿಂದ ಹಾಲಿಗೆ ಆ ಹೆಸರು ಬಳಸುತ್ತಿತ್ತು, ನಂದಿನಿ ಡೀಲಕ್ಸ್ ಹೋಟೆಲಿನವರು 1989ರಿಂದ. ಹೋಟೆಲಿನವರು 29, 30ರಲ್ಲಿ ಮಾಂಸ, ಮೀನು ಮುಂತಾದ ಸರಕಿಗೆ ಹೆಸರು ಕೇಳಿದರು, ಕೆಎಂಎಫ್ ತಕರಾರು ತೆಗೆಯಿತು. 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಒಂದು ಕ್ಲಾಸಿನಲ್ಲಿ ಕೆಲವು ಸರಕು ಮಾರಿದ ಮಾತ್ರಕ್ಕೆ ಇಡೀ ಕ್ಲಾಸ್ ಒಬ್ಬರ ಸ್ವತ್ತಲ್ಲ. ಹೋಟೆಲಿನವರಿಗೆ ಹಾಲು, ಹಾಲಿನ ಪದಾರ್ಥ ಬಿಟ್ಟು ಉಳಿದದ್ದಕ್ಕೆ ಹೆಸರು ಸಿಕ್ಕಿತು. ಎರಡೂ ನಂದಿನಿ, ಒಂದೇ ಕ್ಲಾಸ್, ಆದರೂ ಸರಕು ಬೇರೆ. ಇಷ್ಟಲ್ಲದೆ, "ಎಲ್ಲ ಸರಕು" ಅಂತ ಬರೆದರೆ ನಿಮ್ಮ ಬಳಕೆ ಅದಕ್ಕೆ ತಕ್ಕಂತಿದೆಯಾ ಅಂತ ಪರಿಶೀಲಕರು ಆಕ್ಷೇಪ ಎತ್ತಬಹುದು. ನೋಂದಣಿಯಾಗಿ 5 ವರ್ಷಕ್ಕೂ ಜಾಸ್ತಿ ಕಾಲ ಬಳಸದೇ ಇಟ್ಟ ಸರಕನ್ನು ಪಟ್ಟಿಯಿಂದ ತೆಗೆಸಲು ಬೇರೆಯವರು ಅರ್ಜಿ ಹಾಕಬಹುದು.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

```
Class 29: Pickles; mango pickles; preserved vegetables
```

ಮಾಡುವುದನ್ನು, ಸದ್ಯದಲ್ಲೇ ಮಾಡಲಿರುವುದನ್ನು ಹೆಸರಿಟ್ಟು ಬರೆಯಿರಿ. ತುಪ್ಪ ನಿಜವಾಗಿಯೂ ಮಾಡುವ ಯೋಚನೆ ಇದ್ದರೆ ಈಗಲೇ ಸೇರಿಸಿ, ಆಮೇಲೆ ಬಾಗಿಲು ಮುಚ್ಚಿರುತ್ತದೆ.

ಮಿಡಿ ಭರಣಿ: ಹೊಸ ಅರ್ಜಿ ಅಂದರೆ ಇಷ್ಟು ವರ್ಷ ಮಾರಿದ್ದೆಲ್ಲ ಲೆಕ್ಕಕ್ಕೆ ಇಲ್ವಾ?

ಫೈಲ್ ನೋಡುವವ: ಇದೆ. ಅರ್ಜಿಯಲ್ಲಿ ಯಾವಾಗಿನಿಂದ ಬಳಕೆ ಅನ್ನುವ ಕಡೆ 2019ರ ತಾರೀಕು ಕೊಡಿ, ಜೊತೆಗೆ ಬಳಕೆಯ ಅಫಿಡವಿಟ್ ಹಾಕಿ. ಆ ವರ್ಷದ ಬಿಲ್, ಲೇಬಲ್ ಅಚ್ಚು ಹಾಕಿಸಿದ ರಸೀದಿ ಹುಡುಕಿ ಲಗತ್ತಿಸಿ. ಬಿಲ್ಲಿನಲ್ಲಿ ಹೆಸರೂ ಇರಬೇಕು, ಉಪ್ಪಿನಕಾಯಿ ಅನ್ನುವುದೂ ಇರಬೇಕು. ಚಟ್ನಿಪುಡಿಯ ಬಿಲ್ ಕೊಟ್ಟರೆ ಉಪ್ಪಿನಕಾಯಿಗೆ ಸಾಕ್ಷಿ ಆಗುವುದಿಲ್ಲ.

ಬೆಲ್ಲದ ಗಾಣ: ಬೆಲ್ಲ ಯಾವುದರಲ್ಲಿ ಬರುತ್ತದೆ ಹಾಗಾದರೆ?

ಫೈಲ್ ನೋಡುವವ: 30. ಸಕ್ಕರೆಯ ಜೊತೆ.

ಹುಬ್ಬಳ್ಳಿ ಹುಡುಗ: ತೊಕ್ಕಿನ ವಿಷಯ ಯಾರೂ ಹೇಳಲಿಲ್ಲ. ಅದು ಚಟ್ನಿ ಅಂತ 30ಕ್ಕೆ ಹೋಗಬೇಕು. ಟೊಮೆಟೊ ಸಾಸ್ ಅಲ್ಲೇ ಇರುವುದು, ಬೇಕಾದರೆ ನೋಡಿ.

ಫೈಲ್ ನೋಡುವವ: ಸಾಸ್ 30ರಲ್ಲಿ, ಸರಿ. ಆದರೆ ಟೊಮೆಟೊ ಪೇಸ್ಟ್ 29ರಲ್ಲಿದೆ. ಬೇಯಿಸಿ ಎಣ್ಣೆಯಲ್ಲಿ ಇಟ್ಟದ್ದು ಅಂತ ನೋಡಿದರೆ ತೊಕ್ಕು ನನಗೆ ಉಪ್ಪಿನಕಾಯಿಗೇ ಹತ್ತಿರ.

ಹುಬ್ಬಳ್ಳಿ ಹುಡುಗ: ನಮ್ಮ ಕಡೆ ರೊಟ್ಟಿಗೆ ಅದನ್ನ ಚಟ್ನಿ ಅಂತಲೇ ಹಚ್ಚಿಕೊಂಡು ತಿನ್ನುವುದು. ನಾನು ಒಪ್ಪುವುದಿಲ್ಲ.

ಮಿಡಿ ಭರಣಿ: 30ರ ಅರ್ಜಿಯಲ್ಲಿ ಕಾಂಡಿಮೆಂಟ್ಸ್ ಅಂತ ಹೇಗೂ ಇದೆ. 29ರಲ್ಲೂ ತೊಕ್ಕನ್ನು ಬರೆಸುತ್ತೇನೆ. ನಾಳೆ ಅಟ್ಟ ಹತ್ತಿ 2019ರ ಬಿಲ್ ಪುಸ್ತಕ ಇಳಿಸಬೇಕು.